ಕಾಯುವ ಹೊತ್ತನ್ನು ನೋಡುವುದು

ಸಿನಿಮಾವನ್ನು ಸ್ವಲ್ಪ ಮನಸ್ಸಿಟ್ಟು ನೋಡೋಣ ಎಂದು ಹೊರಟವರ ಕೈಗೆ ಮೊದಲು ಸಿಗುವ ಹೆಸರುಗಳು ಹೆಚ್ಚುಕಡಿಮೆ ಒಂದೇ. ಸತ್ಯಜಿತ್ ರೇ, ಕುರೊಸಾವಾ, ಬರ್ಗ್‌ಮನ್, ಹಿಚ್‌ಕಾಕ್, ಕಿಯಾರೊಸ್ತಮಿ. ಕನ್ನಡಕ್ಕೆ ಬಂದರೆ ಕಾರಂತ, ಕಾರ್ನಾಡ, ಕಾಸರವಳ್ಳಿ. ಇವರನ್ನೆಲ್ಲ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪಟ್ಟಿಯಲ್ಲಿ ಹೆಂಗಸರು ಯಾರೂ ಇಲ್ಲವಲ್ಲ ಎಂದು ಅನ್ನಿಸುವುದಕ್ಕೇ ಬಹಳ ಜನಕ್ಕೆ ವರ್ಷಗಳು ಹಿಡಿಯುತ್ತವೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. 2012ರ ಪಟ್ಟಿಯ ಮೊದಲ ನೂರರಲ್ಲಿ ಮಹಿಳೆಯರು ನಿರ್ದೇಶಿಸಿದವು ಎರಡೇ ಎರಡು. 2022ರಲ್ಲಿ ಆ ಎರಡು ಹನ್ನೊಂದಾಯಿತು. ಮೊದಲ ಸ್ಥಾನಕ್ಕೆ ಬಂದದ್ದು ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ ಅವರ ‘ಜಾನ್ ಡೀಲ್ಮನ್’. ಅದು 1975ರ ಸಿನಿಮಾ. ನಲವತ್ತೇಳು ವರ್ಷ ಅದು ಇದ್ದಲ್ಲೇ ಇತ್ತು. ಅಷ್ಟರಲ್ಲಿ ನೋಡುವವರು ಬದಲಾದರು, ಮತ ಹಾಕುವವರು ಹೆಚ್ಚಾದರು.

ಹೊಸಬರು ಇಲ್ಲಿ ಒಂದು ದಾರಿ ತಪ್ಪುವುದುಂಟು. ಮಹಿಳೆಯರ ಸಿನಿಮಾ ನೋಡುತ್ತೇನೆ ಎಂದುಕೊಂಡವರು ಮಹಿಳೆಯರ ಸಮಸ್ಯೆಯ ಸಿನಿಮಾ ಹುಡುಕಲು ಹೋಗುತ್ತಾರೆ. ಸಿನಿಮಾ ಮುಗಿದ ಮೇಲೆ ಅವರು ಆಡುವ ಮಾತು ವಿಧವೆಯರ ಕಷ್ಟದ ಬಗ್ಗೆ, ಸಂಸಾರದ ಅನ್ಯಾಯದ ಬಗ್ಗೆ ಇರುತ್ತದೆಯೇ ಹೊರತು ಕ್ಯಾಮೆರಾ ಎಲ್ಲಿತ್ತು, ಶಾಟ್ ಎಷ್ಟು ಹೊತ್ತು ನಿಂತಿತು, ಯಾವುದನ್ನು ತೋರಿಸದೆ ಬಿಟ್ಟರು ಎಂಬುದರ ಬಗ್ಗೆ ಇರುವುದಿಲ್ಲ. ಹಾಗೆ ನೋಡಿದರೆ ಹತ್ತು ಸಿನಿಮಾ ನೋಡಿಯೂ ಒಬ್ಬ ನಿರ್ದೇಶಕಿಯ ಕೈಯ ಗುರುತು ಸಿಕ್ಕುವುದಿಲ್ಲ. ಅದಕ್ಕೇ ಈ ಬರಹದಲ್ಲಿ ವಿಷಯದ ಬದಲು ಕಸುಬಿನ ಒಂದು ಎಳೆಯನ್ನು ಹಿಡಿಯುತ್ತಿದ್ದೇನೆ. ಆ ಎಳೆ ಹೊತ್ತು, ಅಂದರೆ ಸಿನಿಮಾದೊಳಗೆ ಕಾಲ ಸರಿಯುವ ರೀತಿ. ಯಾವುದನ್ನು ಎಷ್ಟು ಹೊತ್ತು ತೋರಿಸಬೇಕು ಎನ್ನುವುದು ನಿರ್ದೇಶಕರು ತೆಗೆದುಕೊಳ್ಳುವ ದೊಡ್ಡ ತೀರ್ಮಾನ. ಯಾರ ಬದುಕಿನ ಯಾವ ಗಳಿಗೆ ಪರದೆಗೆ ತಕ್ಕದ್ದು, ಯಾವುದು ಕತ್ತರಿಸಿ ಎಸೆಯುವಂಥದ್ದು ಎಂಬುದು ಅಲ್ಲೇ ನಿರ್ಧಾರವಾಗುತ್ತದೆ. ಮಹಿಳೆಯರು ತೆಗೆದ ಕೆಲವು ಒಳ್ಳೆಯ ಸಿನಿಮಾಗಳು ನಮ್ಮ ರೂಢಿಯ ಲೆಕ್ಕವನ್ನು ಅಲುಗಿಸುವುದು ಈ ಜಾಗದಲ್ಲಿ.

ಒಂದೂವರೆ ಗಂಟೆ

ಆರಂಭಕ್ಕೆ ಆನ್ಯೆಸ್ ವಾರ್ದಾ ಅವರ ‘ಕ್ಲೆಯೊ 5ರಿಂದ 7ರವರೆಗೆ’ ಸಿನಿಮಾವನ್ನು ತೆಗೆದುಕೊಳ್ಳಿ. 1962ರ ಫ್ರೆಂಚ್ ಸಿನಿಮಾ, ಸುಮಾರು ತೊಂಬತ್ತು ನಿಮಿಷದ್ದು, ನೋಡಲು ಕಷ್ಟವಿಲ್ಲ. ವಾರ್ದಾ ಮೂಲತಃ ಫೋಟೊಗ್ರಾಫರ್. ಫ್ರೆಂಚ್ ಹೊಸ ಅಲೆ ಎಂದರೆ ತ್ರುಫೊ ಮತ್ತು ಗೊದಾರ್ ಎಂದು ನಾವು ಓದುತ್ತೇವೆ. ಅವರ ಮೊದಲ ದೊಡ್ಡ ಸಿನಿಮಾಗಳು ಬಂದದ್ದು 1959, 1960ರಲ್ಲಿ. ವಾರ್ದಾ ತಮ್ಮ ಮೊದಲ ಸಿನಿಮಾ ‘ಲಾ ಪ್ವಾಂತ್ ಕೂರ್ತ್’ ಅನ್ನು ಮೀನುಗಾರರ ಒಂದು ಕೇರಿಯಲ್ಲಿ ತೆಗೆದು 1955ರಲ್ಲೇ ಹೊರತಂದಿದ್ದರು. ಅದನ್ನು ಸಂಕಲಿಸಿದವರು ಆಮೇಲೆ ತಾವೇ ದೊಡ್ಡ ನಿರ್ದೇಶಕರಾದ ಅಲೆನ್ ರೆನೆ.

‘ಕ್ಲೆಯೊ’ದ ಕತೆ ಒಂದು ಸಾಲಿನದು. ಪ್ಯಾರಿಸ್ಸಿನ ಒಬ್ಬ ಗಾಯಕಿ ತನಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಿದ್ದಾಳೆ. ಸಂಜೆ ಐದಕ್ಕೆ ಶುರುವಾಗಿ ಆರೂವರೆಗೆ ಸಿನಿಮಾ ಮುಗಿಯುತ್ತದೆ. ಅವಳ ಒಂದೂವರೆ ಗಂಟೆ ನಮ್ಮ ಒಂದೂವರೆ ಗಂಟೆಯೂ ಹೌದು. ಇಷ್ಟರಿಂದ ಇಷ್ಟು ಗಂಟೆಯವರೆಗೆ ಎಂದು ಯಾರಾದರೊಬ್ಬರ ಹೆಸರು ಹಾಕಿ ಸಣ್ಣ ಸಣ್ಣ ಅಧ್ಯಾಯಗಳಾಗಿ ಸಿನಿಮಾ ಮುಂದೆ ಹೋಗುತ್ತದೆ. ಶುರುವಿನಲ್ಲಿ ಒಬ್ಬಾಕೆ ಇಸ್ಪೀಟಿನಂಥ ಎಲೆ ಹಾಕಿ ಭವಿಷ್ಯ ಹೇಳುವ ದೃಶ್ಯವಿದೆ. ಮೇಜಿನ ಮೇಲಿನ ಎಲೆಗಳು ಮಾತ್ರ ಬಣ್ಣದಲ್ಲಿ, ಮುಂದಿನದೆಲ್ಲ ಕಪ್ಪುಬಿಳುಪು. ಭವಿಷ್ಯ ಕೇಳಿ ಕಂಗೆಟ್ಟು ಕ್ಲೆಯೊ ಮೆಟ್ಟಿಲಿಳಿಯುವಾಗ ಅವಳು ಇಳಿಯುವ ಶಾಟ್ ಮತ್ತೆ ಮತ್ತೆ ಮರುಕಳಿಸುತ್ತದೆ. ಗಡಿಯಾರದ ಲೆಕ್ಕಕ್ಕೆ ಇಷ್ಟು ನಿಷ್ಠವಾದ ಸಿನಿಮಾ ಅಲ್ಲೊಂದು ಕಡೆ ತಡವರಿಸುತ್ತದೆ. ಹೆದರಿದವರ ಹೊತ್ತು ಗಡಿಯಾರದ ಹೊತ್ತಿನಂತೆ ಸಾಗುವುದಿಲ್ಲ ಎಂಬುದನ್ನು ಒಂದೂ ಮಾತಿಲ್ಲದೆ ಸಂಕಲನದಲ್ಲೇ ಹೇಳಿಬಿಡುತ್ತಾರೆ.

ಮೊದಲ ಸಲ ನೋಡುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈಗ ಯಾರು ಯಾರನ್ನು ನೋಡುತ್ತಿದ್ದಾರೆ? ಅರ್ಧದವರೆಗೆ ಎಲ್ಲರೂ ಕ್ಲೆಯೊಳನ್ನು ನೋಡುತ್ತಾರೆ. ಟೋಪಿ ಅಂಗಡಿಯ ಕನ್ನಡಿಗಳಲ್ಲಿ ಅವಳು ತನ್ನನ್ನೇ ನೋಡಿಕೊಳ್ಳುತ್ತಾಳೆ. ಅವಳ ಜೊತೆಗಿರುವ ಹೆಂಗಸು ಮಂಗಳವಾರ ಹೊಸದೇನನ್ನೂ ತೊಡಬಾರದು ಎನ್ನುತ್ತಾಳೆ. ನಮ್ಮ ಮನೆಗಳಲ್ಲೂ ಕೇಳಿ ಬಲ್ಲ ಮಾತೇ ಇದು. ಪ್ರಿಯಕರ ಬರುತ್ತಾನೆ, ಮುದ್ದು ಮಾಡಿ ಹೋಗುತ್ತಾನೆ. ಹಾಡು ಕಲಿಸುವವರು ಬರುತ್ತಾರೆ. ಪಿಯಾನೊ ನುಡಿಸುವ ಪಾತ್ರದಲ್ಲಿರುವವರು ಈ ಸಿನಿಮಾದ ಸಂಗೀತಗಾರ ಮಿಶೆಲ್ ಲೆಗ್ರಾಂ ಅವರೇ. ಕ್ಲೆಯೊ ಹೊಸ ಹಾಡೊಂದನ್ನು ಹಾಡುತ್ತಿದ್ದಂತೆ ಅವಳ ಹಿಂದಿನ ಕೋಣೆ ಕಪ್ಪಾಗಿ ಮಾಯವಾಗುತ್ತದೆ, ಅವಳು ನೇರ ನಮ್ಮತ್ತ ನೋಡಿ ಹಾಡುತ್ತಾಳೆ. ಹಾಡು ಮುಗಿದದ್ದೇ ತಡ ಸಿಟ್ಟಿನಿಂದ ಚೌರಿಗೂದಲು ಕಿತ್ತೆಸೆದು ಕಪ್ಪು ಉಡುಪು ತೊಟ್ಟು ಒಬ್ಬಳೇ ಬೀದಿಗಿಳಿಯುತ್ತಾಳೆ.

ಅಲ್ಲಿಂದ ಸಿನಿಮಾ ಮಗ್ಗುಲು ಬದಲಿಸುತ್ತದೆ. ಈಗ ನೋಡುವವಳು ಕ್ಲೆಯೊ. ಬೀದಿಯ ಮುಖಗಳು ಅವಳ ಕಣ್ಣಿನ ಎತ್ತರದಲ್ಲಿ ನಮ್ಮ ಕಡೆಗೆ ಬರತೊಡಗುತ್ತವೆ. ಒಂದು ಕೆಫೆಗೆ ಹೋಗಿ ಕಾಸು ಹಾಕಿ ತನ್ನದೇ ಹಾಡು ಹಚ್ಚುತ್ತಾಳೆ. ಯಾರೂ ಕಿವಿಗೊಡುವುದಿಲ್ಲ, ಮೇಜುಗಳಲ್ಲಿ ಅವರವರ ಹರಟೆ, ಜಗಳ ನಡೆದೇ ಇರುತ್ತದೆ. ಮೊದಲ ಅರ್ಧದ ಹೆಣ್ಣಾಗಿದ್ದರೆ ಅವಳು ಅಲ್ಲಿ ಅವಮಾನದಿಂದ ಕುಗ್ಗುತ್ತಿದ್ದಳು. ಈಗ ಆ ಮೇಜುಗಳ ನಡುವೆ ನಡೆಯುತ್ತಾ ಎಲ್ಲರನ್ನೂ ಗಮನಿಸುತ್ತಾಳೆ. ನಾನು ಈ ಸಿನಿಮಾವನ್ನು ಯಾರಿಗಾದರೂ ತೋರಿಸುವುದಾದರೆ ಈ ಎರಡು ಜಾಗ, ಅಂದರೆ ಟೋಪಿ ಅಂಗಡಿ ಮತ್ತು ಕೆಫೆ, ಇವನ್ನು ಒಂದರ ಹಿಂದೊಂದು ಮತ್ತೊಮ್ಮೆ ಹಾಕಿ ತೋರಿಸುತ್ತೇನೆ. ಎರಡೂ ಜನ ಓಡಾಡುವ ಜಾಗಗಳೇ, ಎರಡರಲ್ಲೂ ಇರುವುದು ಅದೇ ಹೆಣ್ಣು. ಬದಲಾದದ್ದು ಕ್ಯಾಮೆರಾ ಯಾರ ಪರ ನಿಂತಿದೆ ಎನ್ನುವುದು. ಹೆಣ್ಣಿನ ನೋಟ ಎಂಬ ಮಾತನ್ನು ಬರಿಯ ಮಾತಾಗಿ ಕೇಳಿ ಬೇಸತ್ತವರಿಗೆ ಅದು ಕಣ್ಣಿಗೆ ಕಾಣುವುದು ಇಲ್ಲಿ.

ಮೂರು ದಿನ

‘ಕ್ಲೆಯೊ’ ನೋಡಿ ಒಂದೆರಡು ವಾರ ಬಿಟ್ಟು ‘ಜಾನ್ ಡೀಲ್ಮನ್’ಗೆ ಬನ್ನಿ. ಪೂರ್ತಿ ಹೆಸರು ಒಂದು ವಿಳಾಸ: ಹೆಂಗಸಿನ ಹೆಸರು, ಮನೆ ನಂಬರು 23, ಬೀದಿ, ಬ್ರುಸೆಲ್ಸ್‌ನ ಪಿನ್‌ಕೋಡು. 201 ನಿಮಿಷದ ಸಿನಿಮಾ. ಇದನ್ನು ತೆರೆಗೆ ತಂದಾಗ ಅಕರ್‌ಮನ್ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ. ಡೆಲ್ಫೀನ್ ಸೇರಿಗ್ ಎಂಬ ಹೆಸರಾಂತ ನಟಿ ಜಾನ್ ಪಾತ್ರದಲ್ಲಿದ್ದಾರೆ. ಕ್ಯಾಮೆರಾ ಬಾಬೆತ್ ಮಂಗೋಲ್ತ್ ಅವರದು, ತಂಡದಲ್ಲಿ ಹೆಚ್ಚಿನವರು ಹೆಂಗಸರೇ.

ಜಾನ್ ಗಂಡ ಸತ್ತ ನಡುವಯಸ್ಸಿನವಳು, ಓದುತ್ತಿರುವ ಮಗನೊಂದಿಗೆ ಒಂದು ಸಣ್ಣ ಫ್ಲಾಟಿನಲ್ಲಿದ್ದಾಳೆ. ಎದ್ದು ಮಗನ ಬೂಟು ಪಾಲಿಶ್ ಮಾಡುತ್ತಾಳೆ, ಕಾಫಿ ಮಾಡುತ್ತಾಳೆ, ಹಾಸಿಗೆ ಮಡಿಸುತ್ತಾಳೆ, ಪೇಟೆಗೆ ಹೋಗುತ್ತಾಳೆ, ಅಡುಗೆಗೆ ಇಡುತ್ತಾಳೆ. ದಿನಕ್ಕೊಬ್ಬನಂತೆ ಮಧ್ಯಾಹ್ನ ಒಬ್ಬ ಗಂಡಸು ಮನೆಗೆ ಬರುತ್ತಾನೆ. ಕೋಣೆಯ ಬಾಗಿಲು ಮುಚ್ಚುತ್ತದೆ. ಅವನು ಕೊಟ್ಟ ದುಡ್ಡನ್ನು ಊಟದ ಮೇಜಿನ ಮೇಲಿನ ಸೂಪಿನ ಬೋಗುಣಿಯಲ್ಲಿ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಅವನು ಹೋಗುವ ಹೊತ್ತಿಗೆ ಒಲೆಯ ಮೇಲಿನ ಆಲೂಗಡ್ಡೆ ಹದವಾಗಿ ಬೆಂದಿರುತ್ತದೆ. ಇಂಥ ಮೂರು ದಿನಗಳು ಸಿನಿಮಾದಲ್ಲಿವೆ.

ಬೇರೆ ಯಾರಾದರೂ ಈ ಕತೆ ತೆಗೆದಿದ್ದರೆ ಮುಚ್ಚಿದ ಬಾಗಿಲಿನ ಹಿಂದಿನದನ್ನು ತೋರಿಸಿ ಆಲೂಗಡ್ಡೆ ಸುಲಿಯುವುದನ್ನು ಕತ್ತರಿಸುತ್ತಿದ್ದರು. ಅಕರ್‌ಮನ್ ಮೊದಲೆರಡು ದಿನ ತಿರುಗಾಮುರುಗಾ ಮಾಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಒಂದು ಕಟ್ ಆಗಿ ಬೆಳಕು ಮಂಕಾಗಿರುತ್ತದೆ, ಅಷ್ಟೆ. ಪಾತ್ರೆ ತೊಳೆಯುವುದು, ಸ್ನಾನದ ತೊಟ್ಟಿ ಉಜ್ಜುವುದು ಮಾತ್ರ ಸಾವಕಾಶವಾಗಿ ನಮ್ಮ ಕಣ್ಣೆದುರೇ ನಡೆಯುತ್ತದೆ. ಕ್ಯಾಮೆರಾ ಅಲುಗುವುದಿಲ್ಲ, ಹತ್ತಿರಕ್ಕೆ ಹೋಗಿ ಮುಖ ತೋರಿಸುವುದಿಲ್ಲ. ನಿರ್ದೇಶಕಿ ಗಿಡ್ಡಗಿದ್ದವರು, ಕ್ಯಾಮೆರಾದ ಎತ್ತರವೂ ಅವರದೇ. ರೇಡಿಯೊ ಹಾಕಿದಾಗಿನದು ಬಿಟ್ಟರೆ ಸಂಗೀತವಿಲ್ಲ. ನಲ್ಲಿಯ ಸದ್ದು, ಲೈಟಿನ ಸ್ವಿಚ್ಚಿನ ಸದ್ದು, ಹೆಜ್ಜೆಯ ಸದ್ದು ಇಷ್ಟೇ. ಜಾನ್ ಒಂದು ಕೋಣೆಯಿಂದ ಹೊರಗೆ ಹೋಗುವಾಗ ತಪ್ಪದೆ ಲೈಟು ಆರಿಸುತ್ತಾಳೆ; ಖರ್ಚಿಗೆ ಹೆದರುವ ಮನೆ ಅದು.

ಸುಮಾರು ಅರ್ಧ ಮುಕ್ಕಾಲು ಗಂಟೆಯಾದಾಗ ‘ಏನೂ ನಡೆಯುತ್ತಿಲ್ಲವಲ್ಲ’ ಎನ್ನಿಸುತ್ತದೆ. ಬಹಳ ಜನ ಬಿಟ್ಟೇಳುವುದು ಅಲ್ಲೇ. ಆಗ ಕತೆಗೆ ಕಾಯುವುದನ್ನು ನಿಲ್ಲಿಸಿ ವಸ್ತುಗಳ ಜಾಗ ನೋಡಲು ತೊಡಗಿ. ಬೋಗುಣಿಯ ಮುಚ್ಚಳ ಎಲ್ಲಿದೆ, ಯಾವ ಲೈಟು ಉರಿಯುತ್ತಿದೆ, ಅವಳ ಕೂದಲು ಹೇಗಿದೆ, ಒಳಂಗಿಯ ಮೇಲಿನ ಮನೆಯುಡುಪಿನ ಗುಂಡಿಗಳೆಲ್ಲ ಹಾಕಿವೆಯೆ. ಮೊದಲನೆಯ ದಿನ ನೀವು ಈ ಮನೆಯ ಪಾಠ ಕಲಿಯುತ್ತೀರಿ, ಏಕೆಂದರೆ ಎರಡನೆಯ ದಿನ ಅದರಲ್ಲೇ ಪರೀಕ್ಷೆಯಿದೆ.

ಎರಡನೆಯ ದಿನದ ಮಧ್ಯಾಹ್ನವನ್ನು ಹತ್ತಿರದಿಂದ ನೋಡೋಣ. ಗಿರಾಕಿ ಹೋದ ಮೇಲೆ ಜಾನ್ ಕೂದಲು ಕೆದರಿದೆ. ದುಡ್ಡು ಬೋಗುಣಿಗೆ ಬಿತ್ತು, ಮುಚ್ಚಳ ಮಾತ್ರ ಹಾಕಲಿಲ್ಲ. ಒಲೆಯ ಹತ್ತಿರ ಹೋದರೆ ಆಲೂಗಡ್ಡೆ ಬೆಂದು ಕೆಟ್ಟಿದೆ. ಪಾತ್ರೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹೊರಬರುತ್ತಾಳೆ, ಎಲ್ಲಿಡಬೇಕು ಎಂದು ತೋಚದೆ ಬಚ್ಚಲಿನವರೆಗೂ ಹೋಗುತ್ತಾಳೆ, ಮತ್ತೆ ವಾಪಸ್ ಬರುತ್ತಾಳೆ. ಇಷ್ಟು ಕಾಲ ಒಂದು ಹೆಜ್ಜೆ ವ್ಯರ್ಥ ಮಾಡದಿದ್ದವಳು. ಕೊನೆಗೆ ಅದನ್ನು ಚೆಲ್ಲಿ, ಹೊಸ ಆಲೂಗಡ್ಡೆ ತಂದು, ಕುರ್ಚಿಯಲ್ಲಿ ಕುಳಿತು ಸುಲಿಯತೊಡಗುತ್ತಾಳೆ. ಕ್ಯಾಮೆರಾ ಎದುರಿಗೇ ಇದೆ. ಮೊದಲು ಚಕಚಕನೆ ನಡೆಯುತ್ತಿದ್ದ ಕೈ ಈಗ ತಡೆತಡೆದು ನಡೆಯುತ್ತದೆ. ಚಾಕು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಮುಖದಲ್ಲಿ ಅಳುವಿಲ್ಲ, ಸಿಟ್ಟಿಲ್ಲ. ಆದರೂ ಮೊದಲನೆಯ ದಿನವನ್ನು ಸರಿಯಾಗಿ ನೋಡಿದವರಿಗೆ ಈ ತಡೆ ಎಷ್ಟು ಭಯ ಹುಟ್ಟಿಸುತ್ತದೆ ಎಂದರೆ, ಥ್ರಿಲ್ಲರುಗಳಲ್ಲಿ ಕತ್ತಲ ಓಣಿಯಲ್ಲಿ ನಡೆಯುವಾಗಲೂ ಅಷ್ಟು ಆಗುವುದಿಲ್ಲ. ಆ ರಾತ್ರಿ ಊಟ ತಡವಾಗುತ್ತದೆ. ಮೂರನೆಯ ದಿನ ಬೂಟಿನ ಬ್ರಷ್ಷು ಕೈಜಾರುತ್ತದೆ, ಕಾಫಿ ರುಚಿ ಕೆಡುತ್ತದೆ, ಹೊತ್ತಿಗೆ ಮುಂಚೆ ಪೇಟೆಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವಂತಾಗುತ್ತದೆ. ಅವಳ ಕೈಯಲ್ಲಿ ಒಂದು ಗಂಟೆ ಹೊತ್ತು ಮಿಕ್ಕಿದೆ, ಅದನ್ನು ಏನು ಮಾಡಬೇಕೋ ಅವಳಿಗೆ ಗೊತ್ತಿಲ್ಲ. ಬಿಡುವು ಎನ್ನುವುದು ಅವಳಿಗೆ ಅಪಾಯ. ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಮೊದಲೇ ಓದಿ ತಿಳಿದುಕೊಳ್ಳಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ನೋಡುವ ಕ್ರಮದ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಇದನ್ನು ಫೋನಿನಲ್ಲಿ ನೋಡಿದರೆ ಬೋಗುಣಿಯ ಮುಚ್ಚಳ ಕಾಣುವುದೇ ಇಲ್ಲ, ಕಾಣದಿದ್ದರೆ ಸಿನಿಮಾವೇ ಇಲ್ಲ. ವೇಗ ಹೆಚ್ಚಿಸಿ ನೋಡುವ ಅಭ್ಯಾಸವಿದ್ದವರು ಇಲ್ಲಿ ಅದನ್ನು ಪೂರ್ತಿ ಬಿಡಬೇಕು, ಏಕೆಂದರೆ ನಿರ್ದೇಶಕಿ ಕಟ್ಟಿರುವುದೇ ವೇಗವನ್ನು. ಒಂದೇ ಕೂತಿಗೆ ಆಗದಿದ್ದರೆ ಎಲ್ಲೆಂದರಲ್ಲಿ ನಿಲ್ಲಿಸದೆ ದಿನ ಮುಗಿಯಿತು ಎಂದು ಪರದೆಯ ಮೇಲೆ ಅಕ್ಷರ ಬರುವಲ್ಲಿ ನಿಲ್ಲಿಸಿ. ಸಬ್‌ಟೈಟಲ್ ಓದಲು ಕಷ್ಟವಾಗುವವರಿಗೂ ಇದು ಒಳ್ಳೆಯ ಸಿನಿಮಾ, ಮಾತು ಅಷ್ಟು ಕಡಿಮೆ. ಬೆಂಗಳೂರಿನಲ್ಲಿರುವವರು ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವ ಇವುಗಳ ಕಾರ್ಯಕ್ರಮದ ಮೇಲೆ ಕಣ್ಣಿಟ್ಟಿರಿ. ಇಂಥ ಸಿನಿಮಾ ಕತ್ತಲೆಯಲ್ಲಿ ನಾಲ್ಕು ಜನರ ಜೊತೆ ಕುಳಿತು ನೋಡಿದಾಗ ಹಿಡಿಸುವಷ್ಟು ಮನೆಯಲ್ಲಿ ಹಿಡಿಸುವುದಿಲ್ಲ.

ಒಂದು ಜೀವಮಾನ

ಇನ್ನು ನಮ್ಮಲ್ಲಿಗೆ ಬರೋಣ. ಕನ್ನಡದ ರಸಿಕರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ನೋಡದವರು ಕಡಿಮೆ. ಪ್ರೇಮಾ ಕಾರಂತರ ‘ಫಣಿಯಮ್ಮ’ವನ್ನು (1983) ನೋಡಿದವರು ಅಷ್ಟು ಜನ ಇಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಈ ಸಿನಿಮಾಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತ್ತು. ಪ್ರೇಮಾ ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ರಂಗಭೂಮಿಯಲ್ಲಿ, ಅದರಲ್ಲೂ ಮಕ್ಕಳ ನಾಟಕಗಳಲ್ಲಿ ದುಡಿದವರು, ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದವರು. ಆದರೂ ಅವರ ಹೆಸರು ಬಿ.ವಿ. ಕಾರಂತರ ಹೆಸರಿನ ಹಿಂದೆ ಒಂದು ವಿವರವಾಗಿಯೇ ಹೆಚ್ಚು ಬರುತ್ತದೆ.

ಈ ಎರಡು ಸಿನಿಮಾಗಳನ್ನು ಒಂದರ ಮಗ್ಗುಲಲ್ಲಿ ಒಂದಿಟ್ಟು ನೋಡುವುದು ಕನ್ನಡಿಗರಿಗೆ ಸಿಕ್ಕ ಭಾಗ್ಯ ಎಂದೇ ನನ್ನ ಭಾವನೆ. ಎರಡರಲ್ಲೂ ಬ್ರಾಹ್ಮಣ ಮನೆತನದ ವಿಧವೆ, ಎರಡರಲ್ಲೂ ಮಡಿ, ಎರಡರಲ್ಲೂ ತಲೆ ಬೋಳಿಸುವ ಕ್ರೌರ್ಯವಿದೆ. ಹೊತ್ತಿನ ಲೆಕ್ಕ ಮಾತ್ರ ಬೇರೆ. ‘ಘಟಶ್ರಾದ್ಧ’ ಯಮುನಕ್ಕನ ಬದುಕಿನ ಸ್ವಲ್ಪ ಕಾಲವನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಅವಳನ್ನು ಬಹಿಷ್ಕರಿಸಿ ತಲೆ ಬೋಳಿಸುವುದರೊಂದಿಗೆ ಕತೆ ತುದಿ ಮುಟ್ಟುತ್ತದೆ, ಹುಡುಗ ಊರು ಬಿಟ್ಟು ಹೋಗುತ್ತಾನೆ. ನಮ್ಮ ನೆನಪಿನಲ್ಲಿ ಯಮುನಕ್ಕ ಆ ಗಳಿಗೆಯಲ್ಲೇ ಉಳಿದುಬಿಡುತ್ತಾಳೆ. ಅದೊಂದು ದೊಡ್ಡ ಸಿನಿಮಾ. ಆದರೆ ಮರುದಿನ ಬೆಳಿಗ್ಗೆ ಅವಳು ಏನು ಮಾಡಿದಳು ಎಂದು ಕೇಳುವ ಹಕ್ಕು ನಮಗಿದೆ.

‘ಫಣಿಯಮ್ಮ’ ಕೇಳುವುದು ಅದೇ ಪ್ರಶ್ನೆಯನ್ನು. ಇಲ್ಲಿ ಬಾಲೆಗೆ ಮದುವೆಯಾಗುತ್ತದೆ, ಹುಡುಗ ಸಾಯುತ್ತಾನೆ, ಮೈನೆರೆದ ಮೇಲೆ ಅವಳ ತಲೆ ಬೋಳಿಸುತ್ತಾರೆ. ಇಲ್ಲಿಗೆ ಕತೆ ಮುಗಿಯದೆ ಶುರುವಾಗುತ್ತದೆ. ಆಮೇಲೆ ದಶಕಗಳಿವೆ. ದೊಡ್ಡ ಮನೆಯ ಬಾಣಂತನಗಳಿವೆ, ಅಡುಗೆಗಳಿವೆ, ಊರವರ ಗುಟ್ಟುಗಳಿವೆ. ಕೆಲಸ ಮಾಡುತ್ತಾ ಮಾಡುತ್ತಾ ಅವಳು ಎಲ್ಲರನ್ನೂ ಗಮನಿಸುತ್ತಾಳೆ; ಯಾರಿಗೂ ಕಾಣದ ಹಾಗೆ ಅವಳೊಳಗೆ ಒಂದು ತೀರ್ಮಾನ ಬಲಿಯುತ್ತದೆ. ಮುದುಕಿಯಾದ ಮೇಲೆ, ಮನೆಯಲ್ಲಿ ದಾಕ್ಷಾಯಿಣಿ ಎಂಬ ತರುಣಿ ವಿಧವೆಯಾಗಿ ತಲೆ ಕೊಡಲು ಒಪ್ಪದೆ ನಿಂತಾಗ, ಅವಳ ಪರವಾಗಿ ಮಾತಾಡುವವಳು ಈ ಫಣಿಯಮ್ಮ. ಒಂದು ಗಳಿಗೆಯ ಸಿಟ್ಟಿನಿಂದ ಬಂದ ಮಾತಲ್ಲ ಅದು. ಅಷ್ಟೂ ವರ್ಷಗಳನ್ನು ತೋರಿಸದಿದ್ದರೆ ಆ ಮಾತಿಗೆ ತೂಕ ಬರುತ್ತಿರಲಿಲ್ಲ.

ಸಿನಿಮಾ ನೋಡುವಾಗ ವಯಸ್ಸಿನಿಂದ ವಯಸ್ಸಿಗೆ ಎಲ್ಲಿ ಜಿಗಿಯುತ್ತಾರೆ, ಯಾವ ವಯಸ್ಸಿನಲ್ಲಿ ಸಾವಕಾಶವಾಗಿ ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ದೊಡ್ಡ ಫಣಿಯಮ್ಮನಾಗಿ ಎಲ್.ವಿ. ಶಾರದಾ ಅಭಿನಯಿಸಿದ್ದಾರೆ. ‘ವಂಶವೃಕ್ಷ’ದಲ್ಲಿ ಅವರನ್ನು ನೋಡಿದವರು ಇಲ್ಲಿ ಅವರ ಕಣ್ಣುಗಳನ್ನು ಮಾತ್ರ ಹಿಂಬಾಲಿಸಿದರೂ ಸಾಕು, ಇಡೀ ಸಿನಿಮಾ ಸಿಕ್ಕುತ್ತದೆ. ಕಾದಂಬರಿಯನ್ನು ಸಿನಿಮಾ ಆದಮೇಲೆ ಓದಿ. ಇಂದಿರಾ ಅವರಿಗೆ ಈ ಕತೆ ಸಿಕ್ಕಿದ್ದು ತಮ್ಮ ಕುಟುಂಬದ ಹೆಂಗಸರ ಬಾಯಿಂದ. ಅದು ಕಾದಂಬರಿಯಾಗಿ, ಸಿನಿಮಾ ಆಗಿ ದಾಟುವಾಗ ಯಾವುದು ಉಳಿಯಿತು ಎಂದು ಹೋಲಿಸುವುದು ಒಳ್ಳೆಯ ಅಭ್ಯಾಸ.

ಇದೇ ಜೋಡಿಸುವ ಉಪಾಯವನ್ನು ಬೇರೆ ಕಡೆಯೂ ಮಾಡಬಹುದು. ನಿಮಗೆ ಪ್ರಿಯವಾದ, ಹೆಸರಾಂತ ಸಿನಿಮಾ ಒಂದನ್ನು ಆರಿಸಿ, ಅದೇ ನೆಲದಲ್ಲಿ ಒಬ್ಬ ಹೆಂಗಸು ತೆಗೆದದ್ದು ಏನಿದೆ ಎಂದು ಹುಡುಕಿ. ರೇ ಅವರ ‘ತೀನ್ ಕನ್ಯಾ’ದಲ್ಲಿ (1961) ಮರ ಹತ್ತುವ ಹುಡುಗಿಯಾಗಿ ಅಭಿನಯಿಸಿದವರು ಅಪರ್ಣಾ ಸೇನ್, ಇಪ್ಪತ್ತು ವರ್ಷದ ಮೇಲೆ ಅವರೇ ನಿರ್ದೇಶಿಸಿದ ‘36 ಚೌರಂಗಿ ಲೇನ್’ನಲ್ಲಿ ಕಲ್ಕತ್ತೆಯ ಒಬ್ಬ ಆಂಗ್ಲೋ ಇಂಡಿಯನ್ ಟೀಚರಿನ ಒಂಟಿ ಸಂಜೆಗಳಿವೆ. ರೇ ಅವರ ಅಪು ಮತ್ತು ದುರ್ಗಾ ನಿಮ್ಮ ಮನಸ್ಸಿನಲ್ಲಿದ್ದರೆ ಅಸ್ಸಾಮಿನ ರೀಮಾ ದಾಸ್ ಅವರ ‘ವಿಲೇಜ್ ರಾಕ್‌ಸ್ಟಾರ್ಸ್’ (2017) ನೋಡಿ. ಕತೆ ಬರೆದವರು, ನಿರ್ದೇಶಿಸಿದವರು, ಕ್ಯಾಮೆರಾ ಹಿಡಿದವರು, ಸಂಕಲಿಸಿದವರು ಎಲ್ಲ ಒಬ್ಬರೇ. ತಮ್ಮ ಊರಲ್ಲೇ, ಊರವರನ್ನೇ ಇಟ್ಟುಕೊಂಡು, ವರ್ಷಗಟ್ಟಲೆ ಬಿಟ್ಟು ಬಿಟ್ಟು ಚಿತ್ರೀಕರಿಸಿದರು. ಹಾಗಾಗಿ ಅದರಲ್ಲಿ ಬರುವ ನೆರೆ ನಿಜವಾದ ನೆರೆ, ಗಿಟಾರಿನ ಕನಸು ಕಾಣುವ ಹುಡುಗಿ ನಮ್ಮ ಕಣ್ಣೆದುರೇ ನಿಜವಾಗಿ ಬೆಳೆಯುತ್ತಾಳೆ. ದೊಡ್ಡ ತಂಡ, ದಿನದ ಬಾಡಿಗೆ ಇದ್ದಿದ್ದರೆ ಆ ಹೊತ್ತನ್ನು ಕೊಳ್ಳುವುದಕ್ಕೆ ಆಗುತ್ತಲೇ ಇರಲಿಲ್ಲ.

ಗಂಡಸರ ಕತೆ, ಹೆಂಗಸಿನ ಕ್ಯಾಮೆರಾ

ಇಷ್ಟು ಓದಿದವರಿಗೆ ಮಹಿಳೆಯರು ತೆಗೆಯುವುದೆಲ್ಲ ಅಡುಗೆಮನೆ, ವಿಧವೆ, ಬಾಲ್ಯದ ಸಿನಿಮಾವೇ ಎನ್ನಿಸಿದರೆ ಅದನ್ನು ತಕ್ಷಣ ಅಳಿಸಿಹಾಕಬೇಕು. ಸುಮನಾ ಕಿತ್ತೂರು ಅವರ ‘ಎದೆಗಾರಿಕೆ’ (2012) ಭೂಗತಲೋಕದ ಸಿನಿಮಾ, ಅಗ್ನಿ ಶ್ರೀಧರ್ ಅವರ ಕೃತಿಯನ್ನು ಆಧರಿಸಿದ್ದು. ಸೋನಾ ಎಂಬವನನ್ನು ಕೊಲ್ಲಬೇಕಾದವರು ಅವನನ್ನು ಮಲೆನಾಡಿನ ತೋಟದ ಮನೆಯಲ್ಲಿಟ್ಟುಕೊಂಡು ಅಪ್ಪಣೆಗಾಗಿ ಕಾಯುತ್ತಾರೆ. ಈ ಬಗೆಯ ಕನ್ನಡ ಸಿನಿಮಾಗಳಲ್ಲಿ ಮಚ್ಚು ಬೀಸುವುದಕ್ಕೆ ಸಿಗುವ ಹೊತ್ತು ಇಲ್ಲಿ ಕಾಯುವುದಕ್ಕೆ ಸಿಕ್ಕಿದೆ. ಸಾಯಬೇಕಾದವನು ಮತ್ತು ಸಾಯಿಸಬೇಕಾದವರು ಕೂತು ಮಾತಾಡುತ್ತಾರೆ, ತಿರುಗಾಡುತ್ತಾರೆ, ಅವರ ನಡುವೆ ಸಲುಗೆ ಬೆಳೆಯುತ್ತದೆ. ಕ್ಲೆಯೊ ಕಾದ ಹಾಗೇ ಇವರೂ ಸಾವಿನ ಸುದ್ದಿಗಾಗಿ ಕಾಯುತ್ತಿದ್ದಾರೆ ಎಂದು ನೆನಪಿಟ್ಟುಕೊಂಡು ನೋಡಿದರೆ ತೋಟದ ದೃಶ್ಯಗಳು ಬೇರೆಯೇ ಆಗಿ ಕಾಣುತ್ತವೆ. ಫ್ರಾನ್ಸಿನ ಕ್ಲೇರ್ ದೆನಿ ಅವರ ‘ಬೋ ತ್ರವಾಯ್’ (1999) ಇದರ ಪಕ್ಕದಲ್ಲಿಡಬಹುದಾದದ್ದು. ಜಿಬೂತಿಯ ಬಿಸಿಲಲ್ಲಿ ಸೈನಿಕರು ಕಸರತ್ತು ಮಾಡುತ್ತಾರೆ, ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ, ಹೊಟ್ಟೆಕಿಚ್ಚುಪಡುತ್ತಾರೆ. ಯುದ್ಧವಿಲ್ಲದ ಸೈನಿಕರ ಹೊತ್ತು ಹೇಗೆ ಕಳೆಯುತ್ತದೆ ಎನ್ನುವುದೇ ಸಿನಿಮಾ.

ಹೆಣ್ಣಾದ್ದರಿಂದ ಹೀಗೆ ನೋಡಿದರು ಎಂದು ಹೇಳಲು ನಾನು ತಯಾರಿಲ್ಲ. ರೀಮಾ ದಾಸ್ ಮತ್ತು ಅಕರ್‌ಮನ್ ನಡುವೆ ಇರುವಷ್ಟು ದೂರ ಯಾವ ಇಬ್ಬರು ಗಂಡು ನಿರ್ದೇಶಕರ ನಡುವೆಯೂ ಇರಬಹುದು. ಆದರೆ ಸಿನಿಮಾದ ರೂಢಿಗಳು ಗಟ್ಟಿಯಾಗುವಾಗ ಹೊರಗಿದ್ದವರಿಗೆ ಆ ರೂಢಿಗಳ ಮೇಲೆ ಅಂಥ ಮೋಹವಿರುವುದಿಲ್ಲ. ಯಾವುದನ್ನು ಕತ್ತರಿಸಬೇಕು ಎಂಬ ನಿಯಮವನ್ನು ಅವರು ಹೊಸದಾಗಿ ಕೇಳಿಕೊಳ್ಳುತ್ತಾರೆ. ಇಲ್ಲಿ ಹೇಳಿದ ಸಿನಿಮಾಗಳಲ್ಲಿ ನನಗೆ ಕಂಡದ್ದು ಇಷ್ಟು.

ಮುಂದಿನ ಹೆಸರು ಎಲ್ಲಿ ಸಿಗುತ್ತದೆ

ಪಟ್ಟಿಗಳಿಂದ ಸಿಗುವುದಕ್ಕಿಂತ ಒಳ್ಳೆಯ ಹೆಸರುಗಳು ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಸಿಗುತ್ತವೆ. ಪಟ್ಟಿಗಳು ದೇಶಕ್ಕೊಬ್ಬರಂತೆ ಪ್ರತಿನಿಧಿಗಳನ್ನು ಕೊಡುತ್ತವೆ, ಅವರ ನಡುವಿನ ನಂಟನ್ನು ಕೊಡುವುದಿಲ್ಲ. ‘ಜಾನ್ ಡೀಲ್ಮನ್’ನ ಎರಡು ಹೆಸರುಗಳನ್ನು ಹಿಡಿದು ಹೋದರೆ ಏನಾಗುತ್ತದೆ ನೋಡಿ. ಕ್ಯಾಮೆರಾದ ಮಂಗೋಲ್ತ್ ಹಿಂದೆ ಹೋದರೆ ಅಮೆರಿಕದ ನೃತ್ಯಗಾರ್ತಿ ಯವಾನ್ ರೈನರ್ ಸಿನಿಮಾ ನಿರ್ದೇಶಕಿಯಾಗಿ ಸಿಗುತ್ತಾರೆ, ಅವರ ಮೊದಲ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದವರು ಇವರೇ. ಮಂಗೋಲ್ತ್ ತಾವೂ ಸಿನಿಮಾ ನಿರ್ದೇಶಿಸಿದ್ದಾರೆ. ನಟಿ ಸೇರಿಗ್ ಹಿಂದೆ ಹೋದರೆ ಇನ್ನೂ ಸೊಗಸು. ಅವರೇ ನಿರ್ದೇಶಿಸಿದ ಒಂದು ಸಾಕ್ಷ್ಯಚಿತ್ರ 1981ರಲ್ಲಿ ತೆರೆಗೆ ಬಂತು. ‘ಚೆಂದವಾಗಿರು, ಬಾಯಿ ಮುಚ್ಚಿಕೊಂಡಿರು’ ಎಂಬ ಅರ್ಥದ ಹೆಸರು ಅದಕ್ಕೆ. ಹಲವು ನಟಿಯರು ಸಿನಿಮಾರಂಗದಲ್ಲಿ ತಮ್ಮನ್ನು ಹೇಗೆ ನಡೆಸಿಕೊಂಡರು ಎಂದು ಅದರಲ್ಲಿ ಹೇಳುತ್ತಾರೆ. ‘ಜಾನ್ ಡೀಲ್ಮನ್’ ಬಂದ ಅದೇ 1975ರಲ್ಲಿ ಸೇರಿಗ್ ಲೇಖಕಿ ಮಾರ್ಗರೀತ್ ದ್ಯುರಾಸ್ ನಿರ್ದೇಶಿಸಿದ ‘ಇಂಡಿಯಾ ಸಾಂಗ್’ನಲ್ಲೂ ನಾಯಕಿ. ಕತೆ ನಡೆಯುವುದು ಮೂವತ್ತರ ದಶಕದ ಕಲ್ಕತ್ತೆಯಲ್ಲಿ, ಚಿತ್ರೀಕರಣ ನಡೆದದ್ದು ಫ್ರಾನ್ಸಿನಲ್ಲಿ. ಪರದೆಯ ಮೇಲೆ ಯಾರೂ ಬಾಯಿ ತೆರೆದು ಮಾತಾಡುವುದಿಲ್ಲ. ಮಾತುಗಳೆಲ್ಲ ಬೇರೆಲ್ಲಿಂದಲೋ ಕೇಳಿಬರುತ್ತವೆ. ಮೊದಲ ಹತ್ತು ನಿಮಿಷ ಕಣ್ಣಿಗೂ ಕಿವಿಗೂ ಹೊಂದಾಣಿಕೆಯಾಗದೆ ಗೊಂದಲವಾಗುತ್ತದೆ, ಅದನ್ನು ಹಾಗೇ ದಾಟಿಸಿ. ಆಮೇಲೆ ಸೇರಿಗ್ ನಿಲ್ಲುವ, ತಿರುಗುವ, ಸುಮ್ಮನೆ ಕುಣಿಯುವ ರೀತಿಯನ್ನು ಜಾನ್ ಅಡುಗೆಮನೆಯಲ್ಲಿ ನಿಂತ ರೀತಿಯ ಜೊತೆ ಹೋಲಿಸಿ ನೋಡಿ. ಒಂದೇ ವರ್ಷ, ಒಂದೇ ನಟಿ, ಇಬ್ಬರು ನಿರ್ದೇಶಕಿಯರು. ದ್ಯುರಾಸ್ ಹಿಡಿಸಿದರೆ ಅವರೇ 1977ರಲ್ಲಿ ತೆಗೆದ ‘ಲಾರಿ’ ಮುಂದಿನದು: ಲೇಖಕಿಯೂ ಒಬ್ಬ ನಟನೂ ಒಂದು ಕೋಣೆಯಲ್ಲಿ ಕೂತು, ತೆಗೆಯಬಹುದಾಗಿದ್ದ ಒಂದು ಸಿನಿಮಾದ ಕತೆಯನ್ನು ಓದುತ್ತಾರೆ.